ಪಿನ್ ಹೇಳಬೇಡಿ ಅಂದವನೇ ಓಟಿಪಿ ಕೇಳಿದ

ಕಳೆದ ಮಳೆಗಾಲದಲ್ಲಿ ಉಡುಪಿ ಹತ್ತಿರದ ಊರಿನಿಂದ ಒಬ್ಬರು ನಿವೃತ್ತ ಮಾಸ್ಟ್ರನ್ನು ಮಗಳು ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಕರೆದುಕೊಂಡು ಬಂದಳು. ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಮೂರು ವಾರದಿಂದ ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಫೋನ್ ಬಂದರೆ ಎದ್ದು ಒಳಗೆ ಹೋಗುತ್ತಿದ್ದರು. ಬ್ಯಾಂಕಿನಿಂದ ಎಂದು ಕರೆ ಮಾಡಿದವನೊಬ್ಬ ಅವರ ಖಾತೆಯಿಂದ 48,000 ರೂಪಾಯಿ ಎಗರಿಸಿದ್ದ. ದುಬೈಯಲ್ಲಿರುವ ಮಗ, "ನೂರು ಸಲ ಹೇಳಿದ್ದೆ ಅಲ್ವಾ ಅಪ್ಪ" ಎಂದು ಬೈದಿದ್ದ.

ಇಂಥದ್ದೇ ಕಾರಣಕ್ಕೆ ನನ್ನ ಬಳಿಗೆ ಬರುವ ಹಿರಿಯರು ಈಗ ಜಾಸ್ತಿ. ಮೊದಲೆಲ್ಲ ನಾನು ಅವರ ನಾಚಿಕೆಯ ಬಗ್ಗೆ ಮಾತ್ರ ಮಾತಾಡುತ್ತಿದ್ದೆ. ಮಾಸ್ಟ್ರ ಎರಡನೇ ಭೇಟಿಯ ನಂತರ ನನ್ನ ರೀತಿ ಬದಲಾಯಿತು.

ಆ ದಿನ ಅವರು ತುಂಬಾ ಹೊತ್ತು ಸುಮ್ಮನಿದ್ದು, ಒಮ್ಮೆಲೇ ಹೇಳಿದರು: "ಮೇಡಂ, ನಾನು ಪಿನ್ ಹೇಳಲೇ ಇಲ್ಲ. ಪಿನ್ ಯಾರಿಗೂ ಹೇಳಬೇಡಿ ಸರ್ ಅಂತ ಎಚ್ಚರಿಸಿದವನೇ ಅವನು. ಮತ್ತೆ ಎಂತಕ್ಕೆ ಅನುಮಾನ ಪಡುವುದು?"

ನಡೆದದ್ದನ್ನು ಮೊದಲಿನಿಂದ ಹೇಳಿ ಅಂದೆ. ಕಾರ್ಡಿನ ವರ್ಷದ ಶುಲ್ಕ ಕಟ್ ಆಗುತ್ತದೆ, ಬೇಡವಾದರೆ ರದ್ದು ಮಾಡುತ್ತೇನೆ ಎಂದಿದ್ದಾನೆ ಅವನು. ಪರಿಶೀಲನೆಗೆಂದು ಕಾರ್ಡಿನ ಎದುರಿನ 16 ಅಂಕಿ, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರು ಅಂಕಿ ಕೇಳಿದ್ದಾನೆ. ಆಮೇಲೆ, "ಈಗ ಒಂದು ಮೆಸೇಜ್ ಬಂತಲ್ಲ, ಅದರ ಆರು ಅಂಕಿ ಮಾತ್ರ ಓದಿ" ಎಂದಿದ್ದಾನೆ. ಮಾಸ್ಟ್ರು ಓದಿದ್ದಾರೆ. ರದ್ದಾಗಲಿಲ್ಲ ಎಂದು ಇನ್ನೊಂದು ಸಲ ಓದಿಸಿದ್ದಾನೆ. ಒಂದೊಂದು ಸಲಕ್ಕೂ 24,000 ಹೋಯಿತು.

"ಗ್ಯಾಸ್ ಸಿಲಿಂಡರ್ ತಂದವನಿಗೂ ಮೆಸೇಜಿನ ನಂಬರ್ ಹೇಳುತ್ತೇನಲ್ಲ? ಇದೂ ಹಾಗೇ ಅಂದುಕೊಂಡೆ" ಅಂದರು.

ಈ ಮಾತು ನನಗೆ ನಾಟಿತು. ಪಿನ್ ಎಂದರೆ ಬೀಗದ ಕೈ ಎಂದು ಹಿರಿಯರಿಗೆ ಗೊತ್ತು. ಓಟಿಪಿ ಅವರಿಗೆ ಟೋಕನ್ ನಂಬರಿನ ಹಾಗೆ ಕಾಣುತ್ತದೆ: ಬರುತ್ತದೆ, ಹೇಳಿದರೆ ಕೆಲಸ ಆಗುತ್ತದೆ. ನಿಜವಾಗಿ, ಎಟಿಎಮ್ಮಿನಲ್ಲಿ ಪಿನ್ ಮಾಡುವ ಕೆಲಸವನ್ನು ಆನ್‌ಲೈನ್ ಖರೀದಿಯಲ್ಲಿ ಓಟಿಪಿ ಮಾಡುತ್ತದೆ. ಕಾರ್ಡಿನ ಮೇಲೆ ಅಚ್ಚಾದದ್ದೆಲ್ಲ ಕಳ್ಳನ ಕೈ ಸೇರಿದ ಮೇಲೂ ಉಳಿಯುವ ಕೊನೆಯ ಚಿಲಕ ಅದು. ಅವನಿಗೆ ಪಿನ್ ಬೇಕಾಗಿಯೇ ಇರಲಿಲ್ಲ. ಬೇಡದ್ದನ್ನು ಬೇಡ ಎಂದು ಹೇಳಿ ನಂಬಿಕೆ ಗಳಿಸಿದ.

ಆ ಎರಡು ಮೆಸೇಜ್ ಅವರ ಫೋನಿನಲ್ಲಿ ಇನ್ನೂ ಇತ್ತು. ಕನ್ನಡಕ ಹಾಕಿಸಿ, ಪೂರ್ತಿ ಓದಿ ಎಂದೆ. ಆರು ಅಂಕಿಯ ಪಕ್ಕದಲ್ಲೇ 24,000 ರೂಪಾಯಿ ಎಂದಿತ್ತು, ಒಂದು ಅಂಗಡಿಯ ಹೆಸರಿತ್ತು, ಯಾರಿಗೂ ಹೇಳಬೇಡಿ ಎಂದೂ ಇತ್ತು. ಅವರ ಬೆರಳು ಆ ಮೊತ್ತದ ಮೇಲೆಯೇ ನಿಂತಿತು. "ಅವ ಅಂಕಿ ಮಾತ್ರ ಓದಿ ಅಂದದ್ದು ಇದಕ್ಕೇ" ಎಂದರು. ಆ ದಿನ ಮೊದಲ ಬಾರಿಗೆ ಅವರ ದನಿಯಲ್ಲಿ ಸಿಟ್ಟು ಕೇಳಿತು. ನನಗೆ ಸಮಾಧಾನವಾಯಿತು.

ಆಗ ನಾನು ಕೊಟ್ಟ ಸಲಹೆ ಮಗನಿಗೆ ಹಿಡಿಸಲಿಲ್ಲ. ನಾಗರಪಂಚಮಿಗೆ ಮೂಲದ ಮನೆಯ ನಾಗಬನಕ್ಕೆ ಎಲ್ಲರೂ ಬರುತ್ತಾರೆ, ತನು ಹಾಕಿ ಆದ ಮೇಲೆ ಚಾವಡಿಯಲ್ಲಿ ಕೂತ ಹಿರಿಯರಿಗೆ ನಡೆದದ್ದನ್ನು ನೀವೇ ಹತ್ತು ನಿಮಿಷ ಹೇಳಿ ಎಂದು ಮಾಸ್ಟ್ರಿಗೆ ಹೇಳಿದ್ದೆ. "ಅಪ್ಪನ ಮರ್ಯಾದೆ ತೆಗೆಯುತ್ತೀರಾ?" ಎಂದು ಮಗ ಫೋನಿನಲ್ಲಿ ಕೇಳಿದ. ಅವನ ನೋವು ನನಗೆ ಅರ್ಥವಾಗುತ್ತದೆ. ಆದರೂ ಆ ಸಲಹೆ ಸರಿ ಎಂದೇ ಈಗಲೂ ನಂಬಿದ್ದೇನೆ. ಮುಚ್ಚಿಟ್ಟವರು ದೂರು ಕೊಡುವುದೂ ತಡವಾಗುತ್ತದೆ. ಮಾಸ್ಟ್ರು ಮನೆಯವರಿಗೆ ಹೇಳಿದ್ದೇ ನಾಲ್ಕು ದಿನ ಕಳೆದ ಮೇಲೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ, ಹಣ ಹೋದ ಖಾತೆಯಲ್ಲೇ ಅದನ್ನು ತಡೆದು ನಿಲ್ಲಿಸುವ ಅವಕಾಶ ಇರುತ್ತಿತ್ತು. ತೆಗೆದುಕೊಂಡು ಹೋದ ಮೇಲೆ ಕಷ್ಟ. ರಿಸರ್ವ್ ಬ್ಯಾಂಕಿನ 2017ರ ಸೂಚನೆಯ ಪ್ರಕಾರ, ಗುಟ್ಟಿನ ಅಂಕಿಯನ್ನು ನಾವೇ ಹೇಳಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ಮೇಲಿನದ್ದು ಬ್ಯಾಂಕಿನದ್ದು. ಹಾಗಾಗಿ ನಾಚಿಕೆಯಲ್ಲಿ ಕಳೆದ ಒಂದೊಂದು ಗಂಟೆಗೂ ಬೆಲೆ ಇದೆ.

ಮಾಸ್ಟ್ರು ಮಾತಾಡಿದರು. ಮಗಳು ನನಗೆ ವಿವರ ಹೇಳಿದಳು. ಮೊದಲು ಆ ಎರಡು ಮೆಸೇಜನ್ನು ಮೊತ್ತದ ಸಮೇತ ಜೋರಾಗಿ ಓದಿದರಂತೆ. "ಫೋನ್ ಕಿವಿಯಲ್ಲಿ ಇರುವಾಗ ಯಾವ ನಂಬರನ್ನೂ ಬಾಯಲ್ಲಿ ಹೇಳಬೇಡಿ. ಇಟ್ಟುಬಿಡಿ. ಅನುಮಾನ ಇದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿ" ಎಂದರಂತೆ. ದುಡ್ಡು ಬರಲಿಕ್ಕೆ ಯುಪಿಐ ಪಿನ್ ಬೇಡ, ಹೋಗಲಿಕ್ಕೆ ಮಾತ್ರ ಬೇಕು ಎಂಬುದನ್ನೂ ಸೇರಿಸಿದರಂತೆ.

ಅವರ ಅಕ್ಕ, ಎಂಬತ್ತು ದಾಟಿದವರು, ಕೇಳಿದರಂತೆ: "ಹಾಗಾದರೆ ಗ್ಯಾಸಿನವನಿಗೆ ಎಂತ ಮಾಡುವುದು?"

"ಅವ ಸಿಲಿಂಡರ್ ಇಳಿಸಿ ಎದುರು ನಿಂತಿರುತ್ತಾನಲ್ಲ ಅಕ್ಕ, ಆಗ ಹೇಳು. ಆದರೆ ಮೆಸೇಜ್ ಗ್ಯಾಸಿನದ್ದೇ ಅಂತ ಪೂರ್ತಿ ಓದಿ ಹೇಳು. ಬ್ಯಾಂಕಿನ ಹೆಸರು ಕಂಡರೆ ಅವನಿಗೂ ಇಲ್ಲ."

ಅಕ್ಕ ಪರ್ಸಿನಿಂದ ಎಟಿಎಂ ಕಾರ್ಡಿನ ಕವರ್ ತೆಗೆದು, ಒಳಗಿನ ಚೀಟಿಯಲ್ಲಿ ಬರೆದಿಟ್ಟಿದ್ದ ಪಿನ್ನನ್ನು ತಮ್ಮನಿಗೆ ತೋರಿಸಿದರಂತೆ. ಮಾಸ್ಟ್ರು ಮುಖ ಆಚೆ ತಿರುಗಿಸಿ, "ನನಗೂ ತೋರಿಸಬೇಡ ಅಕ್ಕ. ನಾಳೆ ಎಟಿಎಮ್ಮಿಗೆ ಹೋಗಿ ಬದಲಿಸುವ. ನಾನು ಹೊರಗೆ ನಿಲ್ಲುತ್ತೇನೆ" ಎಂದರಂತೆ.