ಆನ್‌ಲೈನ್ ಖರೀದಿಯ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ

ಪ್ರಶ್ನೆ: ಅಂಗಡಿಗೆಂದು ಆನ್‌ಲೈನಿನಲ್ಲಿ ಲ್ಯಾಪ್‌ಟಾಪ್ ತರಿಸಿದೆ, ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ಸಂಖ್ಯೆ ಇಲ್ಲ. ಈಗ ಹಾಕಿಸಬಹುದೇ?

ಉತ್ತರ: ಬಹುಮಟ್ಟಿಗೆ ಆಗದು. ಸರಕು ರವಾನೆಯಾಗುವಾಗ ಸಿದ್ಧವಾದ ಇನ್‌ವಾಯ್ಸನ್ನು ಮಾರಾಟಗಾರರು ಸಾಮಾನ್ಯವಾಗಿ ತಿದ್ದುವುದಿಲ್ಲವಾದ್ದರಿಂದ, ಸಂಖ್ಯೆಯನ್ನೂ ನೋಂದಣಿಯಲ್ಲಿರುವ ಹೆಸರನ್ನೂ ಹಣ ಪಾವತಿಸುವ ಮೊದಲೇ ನಮೂದಿಸಬೇಕು. ಆದರೂ ಮಾರಾಟಗಾರರನ್ನು ಕೂಡಲೇ ಲಿಖಿತವಾಗಿ ಕೇಳಿರಿ. ಹಿಂದಿರುಗಿಸುವ ಅವಕಾಶವಿದ್ದರೆ ಮರಳಿಸಿ, ಸಂಖ್ಯೆಯೊಂದಿಗೆ ಮತ್ತೆ ತರಿಸುವುದೇ ಲೇಸು.

59,000 ರೂಪಾಯಿಯ ಲ್ಯಾಪ್‌ಟಾಪಿನಲ್ಲಿ ಶೇ 18ರ ದರದಂತೆ 9,000 ರೂಪಾಯಿ ತೆರಿಗೆಯೇ ಇರುತ್ತದೆ. ನಿಮ್ಮ ಸಂಖ್ಯೆಯಿಲ್ಲದ ಬಿಲ್, ಜಿಎಸ್‌ಟಿ ಪೋರ್ಟಲ್ಲಿನಲ್ಲಿ ನಿಮ್ಮ ಖರೀದಿಗಳನ್ನು ತೋರಿಸುವ GSTR-2B ಪಟ್ಟಿಯಲ್ಲಿ ಕಾಣಿಸದ ಕಾರಣ ಆ ಮೊತ್ತದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, ನಿಮಗೆ ದೊರೆಯದು.

ವಾರಂಟಿಗೆ ಮಾತ್ರ ಈಗಿರುವ ಇನ್‌ವಾಯ್ಸೇ ಸಾಕು. ಅದರಲ್ಲಿ ಸೀರಿಯಲ್ ನಂಬರ್ ಅಚ್ಚಾಗಿದ್ದರೆ ಯಂತ್ರದ ತಳದಲ್ಲಿರುವುದರೊಂದಿಗೆ ಹೋಲಿಸಿ, ಪಿಡಿಎಫ್ ಪ್ರತಿಯನ್ನು ಇಂದೇ ಉಳಿಸಿಟ್ಟುಕೊಳ್ಳಿ. ಆರ್ಡರ್ ದೃಢಪಡಿಸುವ ಇಮೇಲ್ ಇನ್‌ವಾಯ್ಸ್ ಅಲ್ಲ.