ಸೆರಾಮಿಕ್ ಪ್ಲೇಟ್ ಗುಂಡನ್ನು ಹೇಗೆ ತಡೆಯುತ್ತದೆ?

ಪ್ರಶ್ನೆ: ಸೆರಾಮಿಕ್ ಅಂದ್ರೆ ಪಿಂಗಾಣಿ ಥರ ಒಡೆಯೋ ವಸ್ತು ಅಲ್ವಾ? ಅದನ್ನ ಎದೆಕವಚಕ್ಕೆ ಯಾಕೆ ಹಾಕ್ತಾರೆ?

ಒಡೆಯುತ್ತದೆ, ಅದಕ್ಕೇ ಹಾಕುತ್ತಾರೆ.

ಹಳೆಯ ಕಾಲದ ಕವಚ ನೋಡಿ. ಯುರೋಪಿನ ಸೈನಿಕ ಕಬ್ಬಿಣದ ಬಳೆಗಳ ಜಾಲರಿ ಅಂಗಿ ತೊಡುತ್ತಿದ್ದ. ಒಂದೊಂದು ಬಳೆಯೂ ಸುತ್ತಲಿನ ನಾಲ್ಕಕ್ಕೆ ಕೊಂಡಿ. ಕತ್ತಿಯ ಅಲಗು ಅದನ್ನು ಸುಲಭಕ್ಕೆ ಕೊಯ್ಯಲಾರದು, ಆದರೆ ಏಟಿನ ಪೆಟ್ಟು ಮೂಳೆಗೆ ಹೋಗುತ್ತದೆ. ಹಾಗಾಗಿ ಒಳಗೆ ಕೌದಿಯ ಹಾಗೆ ಪದರ ಪದರ ಹೊಲಿದ ದಪ್ಪ ಬಟ್ಟೆ. ಬರೀ ಆ ಬಟ್ಟೆಯನ್ನೇ ಕವಚವಾಗಿ ತೊಟ್ಟವರೂ ಜಾಸ್ತಿ.

ಇವತ್ತಿನ ಪ್ಲೇಟಿನಲ್ಲೂ ಅದೇ ಜೋಡಿ: ಹೊರಗೆ ಗಟ್ಟಿ, ಒಳಗೆ ನಾರು. ಮುಂದೆ ಅಲ್ಯುಮಿನಾ ಅಥವಾ ಬೋರಾನ್ ಕಾರ್ಬೈಡ್ ಎಂಬ ಸೆರಾಮಿಕ್, ಎರಡೂ ಉಕ್ಕಿಗಿಂತ ಗಟ್ಟಿ. ರೈಫಲ್ ಗುಂಡಿನ ಉಕ್ಕಿನ ಮೊನೆ ತಾಗಿದಾಗ ಮೊನೆಯೇ ಪುಡಿಯಾಗುತ್ತದೆ. ಆ ಜಾಗದ ಸೆರಾಮಿಕ್ಕೂ ಪುಡಿಯಾಗಿ, ಹೊಡೆತವನ್ನು ಅಗಲಕ್ಕೆ ಹರಡುತ್ತದೆ. ಹಿಂದಿನ ಅರಾಮಿಡ್ ಅಥವಾ ಪಾಲಿಎಥಿಲೀನ್ ನಾರಿನ ಪದರ ಹಿಗ್ಗಿ ಚೂರುಗಳನ್ನು ಹಿಡಿಯುತ್ತದೆ. ಬರೀ ನಾರಾದರೆ ಚೂಪು ಉಕ್ಕಿನ ಮೊನೆ ಸೀಳಿಕೊಂಡು ಹೋಗಬಹುದು.

ತೊಂದರೆ ಏನೆಂದರೆ, ಅದೇ ಜಾಗಕ್ಕೆ ಎರಡನೇ ಗುಂಡು ಬಿದ್ದರೆ ಭರವಸೆ ಇಲ್ಲ. ಪ್ಲೇಟ್ ಸುಮ್ನೆ ಕೈಜಾರಿ ನೆಲಕ್ಕೆ ಬಿದ್ದರೂ ಒಳಗೆ ಬಿರುಕು ಬಿಡಬಹುದು. ಮೇಲೆ ಬಟ್ಟೆ ಸುತ್ತಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ, ಎಕ್ಸ್‌ರೇ ತೆಗೆದೇ ನೋಡಬೇಕು.