ಒಂದೇ ಪ್ರೊಜೆಕ್ಟರ್ ಇರುವ ಫೆಸ್ಟ್ ಸ್ಟಾಲಿಗೆ ಯಾವ ಗೇಮ್?

ಪ್ರಶ್ನೆ: ಧಾರವಾಡದ ನಮ್ಮ ಕಾಲೇಜು ಫೆಸ್ಟಲ್ಲಿ ಗೇಮ್ ಸ್ಟಾಲ್ ಇಡ್ತಿದೀವಿ. ಪ್ರೊಜೆಕ್ಟರ್ ಒಂದೇ ಇದೆ. ಯಾವ ಗೇಮ್ ಇಟ್ಟರೆ ಸಾಲು ಬೇಗ ಸಾಗುತ್ತೆ?

ಉತ್ತರ: ಟೆಕ್ಕನ್ 7 ಥರದ ಇಬ್ಬರ ಫೈಟಿಂಗ್ ಗೇಮ್ ಇಡಿ. ಇಬ್ಬರೂ ಒಂದೇ ದೃಶ್ಯದಲ್ಲಿ ಇರ್ತಾರೆ, ಹೊಡೆತ ಯಾರಿಗೆ ಬಿತ್ತು ಅಂತ ಹಿಂದೆ ನಿಂತವರಿಗೂ ಗೊತ್ತಾಗುತ್ತದೆ. ಪರದೆ ನಾಲ್ಕು ತುಂಡಾಗುವ ರೇಸಿಂಗ್ ಗೇಮಲ್ಲಿ ಅದು ಆಗಲ್ಲ. ಫುಟ್‌ಬಾಲ್ ಗೇಮ್ ಬೇಡ. ನಾಲ್ಕು ನಿಮಿಷದ ಹಾಫ್ ಇಟ್ಟರೂ ಒಂದು ಪಂದ್ಯಕ್ಕೆ ಎಂಟು ನಿಮಿಷ ಹೋಯಿತು.

ಸೆಟ್ಟಿಂಗಲ್ಲಿ ಎರಡು ರೌಂಡ್ ಗೆದ್ದವರು ಗೆದ್ದಂತೆ ಅಂತ ಇಡಿ, ರೌಂಡಿಗೆ 60 ಸೆಕೆಂಡ್. ನಿಜವಾಗಿ ಸಮಯ ತಿನ್ನೋದು ಪಾತ್ರ ಆರಿಸುವ ಪರದೆ. ಸಾಲಲ್ಲಿ ನಿಂತಾಗಲೇ ಪಾತ್ರ ಆರಿಸಿಕೊಳ್ಳಲಿ, ಅವುಗಳ ಚಿತ್ರ ಅಂಟಿಸಿಡಿ. ಒಂದು ಜೋಡಿಗೆ ಮೂರು ನಿಮಿಷ ಅಂದುಕೊಂಡರೆ ಗಂಟೆಗೆ 20 ಜೋಡಿ, ಅಂದರೆ 40 ಜನ. ಗೆದ್ದವರು ಕೂತೇ ಇದ್ದರೆ ಹೊಸಬರು 20 ಮಾತ್ರ. ಆದ್ದರಿಂದ ಇಬ್ಬರನ್ನೂ ಎಬ್ಬಿಸಿ.

ಬಟನ್ ಒತ್ತಿದ ಮೇಲೆ ಏಟು ತಡವಾಗಿ ಬಿದ್ದರೆ ಅದು ಪ್ರೊಜೆಕ್ಟರಿನ ವಿಳಂಬ ಇರಬಹುದು. ಗೇಮ್ ಮೋಡ್ ಇದ್ದರೆ ಹಾಕಿ. ಓರೆ ಚಿತ್ರವನ್ನು ನೇರ ಮಾಡುವ ಕೀಸ್ಟೋನ್ ಸೆಟ್ಟಿಂಗ್ ತೆಗೆದು, ಪ್ರೊಜೆಕ್ಟರನ್ನೇ ಪರದೆಗೆ ನೇರ ಇಡಿ. ಇದನ್ನು ಹಿಂದಿನ ದಿನವೇ ನೋಡಿಕೊಳ್ಳಿ, ಅದೂ ಹಗಲು ಬೆಳಕಲ್ಲಿ. ಮಬ್ಬು ದೃಶ್ಯದ ಸ್ಟೇಜುಗಳು ಆಗ ಕಾಣೋದೇ ಇಲ್ಲ.